ತಡವಾದದ್ದು ಯಾರಿಂದ?

ಕಾರ್ಕಳದ ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕಾಗದಪತ್ರ ನೋಡುವ ಝೀಟಾ ಬೆಳ್ಮಣ್‌ನವಳು. ಯಾರ ಹತ್ತಿರವೂ ಜಗಳಕ್ಕೆ ಹೋದವಳಲ್ಲ. ಆದರೆ ಆ ಮಳೆಗಾಲದಲ್ಲಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆಫ್ರಿಕಾದಿಂದ ಬಂದ ಹಸಿ ಗೇರುಬೀಜದ ಕಂಟೇನರ್ ಮಂಗಳೂರು ಬಂದರಿನಲ್ಲಿ ನಿಂತುಬಿಟ್ಟಿತ್ತು. ಬೀಜಕ್ಕೆ ರೋಗ, ಹುಳು ಇಲ್ಲವೆಂದು ಆ ದೇಶದ ಸರಕಾರ ಕೊಡುವ ಪ್ರಮಾಣಪತ್ರದ ಅಸಲು ಪ್ರತಿ ಇಲ್ಲದೆ ಸಸ್ಯ ತಪಾಸಣೆಯವರು ಮಾಲು ಮುಟ್ಟುವುದಿಲ್ಲ, ಅವರು ಮುಟ್ಟದೆ ಕಸ್ಟಮ್ಸ್ ಬಿಡುವುದಿಲ್ಲ. ಬ್ಯಾಂಕಿನ ಮೂಲಕ ಪ್ರಮಾಣಪತ್ರವೂ ಸೇರಿ ಮಾಲಿನ ಕಾಗದಗಳು ಕೈಸೇರಿದ ದಿನವೇ ಝೀಟಾ ಎಲ್ಲವನ್ನೂ ಬಂದರಿನಿಂದ ಮಾಲು ಬಿಡಿಸಿಕೊಡುವ ಮಂಗಳೂರಿನ ಕಸ್ಟಮ್ಸ್ ಏಜೆಂಟ್ ಮಾಧವನಿಗೆ ಕೊರಿಯರ್ ಮಾಡಿದ್ದಳು. ಆದರೂ ಅವಳ ಪ್ರತಿಯೊಂದು ಮೇಲ್‌ಗೂ ಅವನದ್ದು ಒಂದೇ ಉತ್ತರ: ಪ್ರಮಾಣಪತ್ರ ನಿಮ್ಮಿಂದ ಬಂದಿಲ್ಲ.

ಇತ್ತ ಒಡೆಯಲು ಬೀಜವಿಲ್ಲದೆ ಹೆಂಗಸರು ಮನೆಗೆ ಮರಳಿದರು. ಬಾಗಲಕೋಟೆ ಕಡೆಯಿಂದ ಬಂದ ಹನುಮವ್ವ ದಿನಾ ಬೆಳಿಗ್ಗೆ ಗೇಟಿನವರೆಗೆ ಬಂದು, ಬೀಗ ನೋಡಿ ತಿರುಗಿ ಹೋಗುತ್ತಿದ್ದಳು. ಕೂತರೆ ದಿನಗೂಲಿ ಇಲ್ಲ.

ಕೊನೆಗೆ ಮಾಧವ ತಾನೇ ಒಂದು ಪತ್ರ ಬರೆದು ಕಳುಹಿಸಿದ. ಕಾಗದ ತಡವಾದದ್ದು ನಮ್ಮ ತಪ್ಪು ಎಂದು ಕಾರ್ಖಾನೆಯವರು ಸಹಿ ಹಾಕಿದರೆ, ಆ ದೇಶದಿಂದ ಇನ್ನೊಂದು ಪ್ರಮಾಣಪತ್ರ ತರಿಸುವ ದಾರಿ ನೋಡುತ್ತಾನಂತೆ.

ಮಾಲಕರು ಗುರುಪ್ರಸಾದ್ ಬೇಸತ್ತಿದ್ದರು. "ಹಾಕಿ ಬಿಡು ಝೀಟಾ. ನಮಗೆ ಮಾಲು ಬಂದರೆ ಸಾಕು."

"ಕಳೆದದ್ದು ಅವರು, ಸರ್. ಸುಳ್ಳಿಗೆ ನಾನು ಸಹಿ ಹಾಕುವುದಿಲ್ಲ," ಎಂದಳು ಝೀಟಾ. ಅವರ ಎದುರು ಇಲ್ಲವೆಂದದ್ದು ಅದೇ ಮೊದಲು.

ಅವಳು ಕೊರಿಯರ್ ಆಫೀಸಿಗೆ ಹೋಗಿ ಕಾಗದದ ಕಟ್ಟು ತಲುಪಿದ್ದಕ್ಕೆ ದಾಖಲೆ ತೆಗೆಸಿದಳು. ಅದರಲ್ಲಿ ಸಹಿ ಮಾಧವನ ಗುಮಾಸ್ತ ರೂಪೇಶನದ್ದು! ಆಗ ಕೂತು ಬರೆದಳು: "ಕಟ್ಟನ್ನು ನಿಮ್ಮ ರೂಪೇಶ್ ಸಹಿ ಹಾಕಿ ಪಡೆದಿದ್ದಾರೆ. ನಾಳೆ ಸಂಜೆಯೊಳಗೆ ಪ್ರಮಾಣಪತ್ರ ಹುಡುಕಿ ಹಾಜರುಪಡಿಸಿ. ಇಲ್ಲವಾದರೆ ನಿಮ್ಮ ಕಚೇರಿಯಲ್ಲಿ ಕಳೆದುಹೋಯಿತೆಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ." ಮಾಧವನಿಗೆ ಲೈಸೆನ್ಸ್ ಕೊಟ್ಟ ಕಸ್ಟಮ್ಸ್ ಕಚೇರಿಗೂ ಒಂದು ಪ್ರತಿ ಹೋಯಿತು.

ಮರುದಿನ ಮಧ್ಯಾಹ್ನವೇ ಕಾಗದ ಸಿಕ್ಕಿತು. ಬೇರೊಬ್ಬ ವ್ಯಾಪಾರಿಯ ಫೈಲಿನೊಳಗೆ ಸೇರಿಹೋಗಿತ್ತಂತೆ. ಕ್ಷಮೆಯ ಒಂದು ಮಾತೂ ಬರಲಿಲ್ಲ. ತಪಾಸಣೆ ಮುಗಿದು ಕಂಟೇನರ್ ಕಾರ್ಕಳಕ್ಕೆ ಬಂದಾಗ, ಬಾಗಿಲ ಬಳಿಯ ಚೀಲಗಳು ಬೆವರಿ ಬೂಸಲು ಹಿಡಿದಿದ್ದವು. ಆ ವಾರವೇ ಮಾಧವನ ಬಿಲ್ಲೂ ಬಂತು. ಕಂಟೇನರ್ ನಿಂತಷ್ಟು ದಿನದ ಬಂದರಿನ ನೆಲಬಾಡಿಗೆಯೆಲ್ಲ ಕಾರ್ಖಾನೆಯ ತಲೆಗೆ!

ಗುರುಪ್ರಸಾದ್ ಈ ಸಲ ತಾವೇ ಬಿಲ್ಲನ್ನು ಝೀಟಾಳ ಮೇಜಿನ ಮೇಲಿಟ್ಟು, "ಎಂತ ಬರೆಯುತ್ತಿ, ಬರೆ," ಎಂದರು.

ಬಾಡಿಗೆ ನಿಮ್ಮದೇ ಎಂದು ಅವಳು ಬರೆದಳು. ಹಾಳಾದ ಬೀಜದ ಲೆಕ್ಕ ಸೇರಿಸಿದಳು. ಅದರ ಕೆಳಗೆ ಹೆಂಗಸರು ಕೂಲಿಯಿಲ್ಲದೆ ಕೂತ ದಿನಗಳನ್ನೂ ಸೇರಿಸಿದಳು. ಬಾಡಿಗೆಯನ್ನೂ ಬೀಜದ ನಷ್ಟವನ್ನೂ ಮಾಧವ ಒಪ್ಪಿದ. ಕೂಲಿ ಮಾತ್ರ ನಿಮ್ಮ ಮನೆಯೊಳಗಿನ ವಿಷಯ ಎಂದು ಉತ್ತರಿಸಿದ.

ಝೀಟಾ ಅದನ್ನು ಎರಡು ಸಲ ಓದಿದಳು. ಮತ್ತೆ ಕಸ್ಟಮ್ಸ್ ಕಚೇರಿಗೂ ಒಂದು ಪ್ರತಿಯೆಂದು ಹಾಕಿ, ಕೂಲಿ ಕಳೆದುಕೊಂಡವರ ಹೆಸರು ಒಂದೊಂದಾಗಿ ಬರೆಯುತ್ತಾ, ಹನುಮವ್ವನಿಂದಲೇ ಪತ್ರ ಶುರುಮಾಡಿದಳು.