ತೋಳಿನ ಸುತ್ತಳತೆ

ನನ್ನ ತಂಗಿಯ ಮನೆಯ ಮುಂದಿನ ಕೋಣೆಗೆ ಹೋದರೆ ಕೂರಲು ಜಾಗ ಸಿಗುವುದಿಲ್ಲ. ಕುರ್ಚಿಯ ಮೇಲೆ ಕತ್ತರಿಸಿದ ಬಟ್ಟೆ, ಮಂಚದ ಮೇಲೆ ಹೊಲಿದ ಅಂಗಿಗಳು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಅಂಗಿ ಹೊಲಿದು ಆನ್‌ಲೈನ್‌ನಲ್ಲಿ ಮಾರುವುದು ಅವಳ ಕಸುಬು. ಆ ಅಂಗಿ ಮುಂದೆ ಪೂರ್ತಿ ತೆರೆಯುತ್ತದೆ, ಒಂದೇ ಕೈಯಲ್ಲಿ ಒತ್ತಿ ಹಾಕುವ ಟಿಚ್ ಬಟನ್ ಇರುತ್ತದೆ, ತೋಳು ಮಾಮೂಲಿಗಿಂತ ಅಗಲ. ಅವಳ ಗಂಡ ಏಣಿಯಿಂದ ಬಿದ್ದಾಗ ಅವನಿಗೆಂದು ಹೊಲಿದದ್ದೇ ಮೊದಲನೆಯದು. ಅವನ ಕೈ ಸರಿಹೋಯಿತು, ಕೆಲಸ ಹೋಯಿತು. ಆಮೇಲೆ ಮನೆ ನಡೆದದ್ದು ಈ ಅಂಗಿಗಳಿಂದಲೇ. ನಾನು ಕೆಳಗಿನ ಮಹಡಿಯಲ್ಲಿದ್ದೇನೆ. ಮಧ್ಯಾಹ್ನ ಮೇಲೆ ಹತ್ತಿ ಅಂಗಿ ಮಡಚಿ ಪ್ಯಾಕ್ ಮಾಡಿಕೊಡುತ್ತೇನೆ. ಕೈ ಕೆಲಸ ಮಾಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದು ಬೇರೆ ಮಾತು.

ಬರೆಯುವ ಕೆಲಸ ಅವಳ ಮೈದುನನದು. ಮಾತಿನ ಮಲ್ಲ ಎಂದು ನಾವು ಅವನಿಗಿಟ್ಟ ಹೆಸರು. ಫೋಟೊ ತೆಗೆದು, ಅದರ ಕೆಳಗೆ ನಾಲ್ಕು ಸಾಲು ಗೀಚಿ, ಬೇರೆ ಯಾರದೋ ಅಂಗಡಿಯ ಅಳತೆ ಪಟ್ಟಿಯನ್ನು ತಂದು ಅಂಟಿಸಿದ್ದ. ಮೊದಮೊದಲು ಅಂಗಿಗಳು ವಾಪಸ್ ಬಂದದ್ದು ಎದೆ ಬಿಗಿ ಎಂಬ ಕಾರಣಕ್ಕೆ. ತಂಗಿ ಆ ಪಟ್ಟಿಯನ್ನು ಕಿತ್ತುಹಾಕಿದಳು. ಪ್ರತಿ ಸೈಜಿನ ಅಂಗಿಯನ್ನೂ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು, ಅದನ್ನು ಎರಡರಷ್ಟು ಮಾಡಿ ಬರೆದಳು. ಇದು ಅಂಗಿಯ ಅಳತೆ, ನಿಮ್ಮ ಮೈ ಅಳತೆ ಇದಕ್ಕಿಂತ ಇಷ್ಟು ಕಡಿಮೆ ಇರಬೇಕು ಎಂದು ಎರಡು ಸಾಲು ಬೇರೆ ಬೇರೆ ಮಾಡಿದಳು. ಒಂದು ಅಂಗಿಯನ್ನು ಒಗೆದು ಒಣಗಿಸಿ ಮತ್ತೆ ಅಳೆದು, ಉದ್ದ ಎಷ್ಟು ಕುಗ್ಗುತ್ತದೆ ಎನ್ನುವುದನ್ನೂ ಸೇರಿಸಿದಳು. ಎದೆಯ ದೂರು ನಿಂತುಹೋಯಿತು. ಅವಳು ಉಸಿರು ಬಿಟ್ಟಳು. ನಾನು ಬಿಡಲಿಲ್ಲ.

ಏಕೆಂದರೆ ಪಟ್ಟಿಯ ಮೇಲೆ ಮೈದುನ ಬರೆದಿದ್ದ ಒಂದು ಸಾಲು ಹಾಗೇ ಉಳಿದಿತ್ತು. ಯಾವ ಪ್ಲಾಸ್ಟರಿಗಾದರೂ ಸಲೀಸಾಗಿ ಹೊಂದುತ್ತದೆ, ಎಂದು ದಪ್ಪ ಅಕ್ಷರದಲ್ಲಿ.

"ಯಾವ ಪ್ಲಾಸ್ಟರಿಗಾದ್ರೂ ಅಂದ್ರೆ ಏನಪ್ಪಾ? ಆನೆ ಕಾಲಿಗೂ ಆಗುತ್ತಾ?" ಎಂದು ನಾನು ಕೇಳಿದ್ದೆ.

"ಅಕ್ಕ, ಆ ಸಾಲು ನೋಡೇ ಜನ ತಗೊಳ್ಳೋದು. ಅದನ್ನ ತೆಗೆದ್ರೆ ಅಂಗಡಿಗೆ ಬೀಗ ಹಾಕಿ," ಎಂದ ಮಾತಿನ ಮಲ್ಲ.

ತಂಗಿ ಇಬ್ಬರ ಮುಖವನ್ನೂ ನೋಡಿ ಯಂತ್ರ ತುಳಿಯತೊಡಗಿದಳು. ಸಾಲು ಉಳಿಯಿತು.

ಸ್ವಲ್ಪ ದಿನಕ್ಕೆ ಅಂಗಿಗಳು ಮತ್ತೆ ವಾಪಸ್ ಬರತೊಡಗಿದವು. ಕಾರಣದ ಜಾಗದಲ್ಲಿ 'ಚಿಕ್ಕದು' ಎಂದಷ್ಟೇ ಇರುತ್ತಿತ್ತು. ತಂಗಿ ಎದೆ ಅಳೆದಳು, ಸರಿಯಿತ್ತು. ಉದ್ದ ಅಳೆದಳು, ಸರಿಯಿತ್ತು. ಜನರಿಗೆ ತಲೆ ಕೆಟ್ಟಿದೆ ಎಂದ ಮೈದುನ. ಒಂದನ್ನು ಮತ್ತೆ ಇಸ್ತ್ರಿ ಮಾಡಲೆಂದು ನಾನು ತೋಳನ್ನು ತಿರುವಿ ಹಾಕಿದಾಗ ಒಳಗಿನಿಂದ ಬಿಳಿ ಪುಡಿ ಉದುರಿತು. ಬೆರಳಲ್ಲಿ ಉಜ್ಜಿ ನೋಡಿದೆ, ಪ್ಲಾಸ್ಟರಿನ ಪುಡಿ. ಮುಂದಿನದನ್ನು ತಿರುವಿದೆ, ಅದರಲ್ಲೂ ಇತ್ತು, ಮೊಣಕೈ ಬರುವ ಜಾಗದಲ್ಲಿ ಮಾತ್ರ ಗೆರೆ ಎಳೆದಂತೆ ಕೂತಿತ್ತು. ಆಚೆಗೆ ಬಟ್ಟೆ ಸ್ವಚ್ಛವಾಗಿತ್ತು. ಕೈ ಅಲ್ಲಿಂದ ಮುಂದೆ ಹೋಗಿರಲೇ ಇಲ್ಲ. ಫೋನಿನಲ್ಲಿ ಅಂಗಡಿ ತೆರೆದು ನೋಡಿದೆ. ಅಂಗಡಿಯ ಪಟ್ಟಿಯಲ್ಲಿ ಎದೆ ಇತ್ತು, ಭುಜ ಇತ್ತು, ಉದ್ದ ಇತ್ತು. ತೋಳಿನ ಸುತ್ತಳತೆಯೇ ಇರಲಿಲ್ಲ. ಕೈ ಮುರಿದವರ ಅಂಗಿಗೆ ಅದೊಂದನ್ನೇ ಬರೆದಿರಲಿಲ್ಲ.

"ಮೊಣಕೈ ಕೆಳಗಿನ ಪ್ಲಾಸ್ಟರಿಗೆ ಸರಿಯಾಗುತ್ತೆ," ಎಂದಳು ತಂಗಿ, ತೋಳನ್ನು ಹಾಸಿ ಟೇಪ್ ಹಿಡಿಯುತ್ತ. "ನಮ್ಮನೆಯವರಿಗೆ ಹಾಕಿದ್ದೂ ಅಷ್ಟೇ ಇತ್ತು. ಆದ್ರೆ ದಪ್ಪ ಕೈಗೆ ಕಷ್ಟ. ಮಡಚಿದ ಕೈಗೆ, ಮೇಲಿನವರೆಗೂ ಕಟ್ಟಿದ್ರೆ, ಆಗೋದೇ ಇಲ್ಲ ಅಕ್ಕ."

ಅವಳ ದನಿ ಸಣ್ಣಗಾಗಿತ್ತು. ಅಷ್ಟು ಹೊತ್ತಿಗೆ ಮಾರಾಟದ ತಾಣದವರಿಂದ ಎಚ್ಚರಿಕೆಯೂ ಬಂದಿತ್ತು. ವಾಪಸಾತಿ ಮಿತಿ ಮೀರಿದೆ, ನಿಮ್ಮ ತಪ್ಪೆಂದು ಇನ್ನೊಂದು ತಕರಾರು ತೀರ್ಮಾನವಾದರೆ ಅಂಗಡಿಯನ್ನು ತಡೆಹಿಡಿಯುತ್ತೇವೆ, ಎಂದು. ಅಂಗಡಿ ಹೋದರೆ ಅವರ ಮನೆಯಲ್ಲಿ ಬೇರೆ ಆದಾಯವಿಲ್ಲ. ಆ ಸಂಜೆಯೇ ಅವಳು ದಪ್ಪ ಅಕ್ಷರದ ಸಾಲನ್ನು ಅಳಿಸಿದಳು. ತೋಳಿನ ಸುತ್ತಳತೆಯನ್ನು ಸೈಜು ಸೈಜಿಗೂ ಬರೆದಳು. ಟೇಪನ್ನು ಪ್ಲಾಸ್ಟರಿನ ಮೇಲೆಯೇ, ಅತಿ ದಪ್ಪ ಇರುವಲ್ಲಿ ಸುತ್ತಿ, ತೋಳು ಅದಕ್ಕಿಂತ ಎರಡು ಇಂಚಾದರೂ ಹೆಚ್ಚಿರುವ ಸೈಜು ಆರಿಸಿ ಎಂದು ಬರೆದಳು. ಮೊಣಕೈ ಮಡಚಿ ಪ್ಲಾಸ್ಟರ್ ಹಾಕಿಸಿಕೊಂಡವರು ಇದನ್ನು ಕೊಳ್ಳಬೇಡಿ ಎಂದೂ ಬರೆದಳು. ಮಾತಿನ ಮಲ್ಲ ಹಣೆ ಚಚ್ಚಿಕೊಂಡ. ಹಳೆಯ ಸಾಲು ನಂಬಿ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಅವಳು ಸಂದೇಶ ಕಳಿಸಿದಳು. ತೋಳು ಬಿಗಿಯಾದರೆ ಎಳೆಯಬೇಡಿ, ವಾಪಸ್ ಕಳಿಸಿ, ಎಂದು. ಒಬ್ಬರನ್ನು ಬಿಟ್ಟು ಎಲ್ಲರೂ ಉತ್ತರಿಸಿದರು.

ಆ ಒಬ್ಬರ ಮೌನ ಅವಳನ್ನು ಹಿಂಡಿತು. ಅಡುಗೆ ಮಾಡುವಾಗಲೂ ಫೋನ್ ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಡೆಲಿವರಿಯವನ ಹೆಜ್ಜೆ ಕೇಳಿದರೆ ಯಂತ್ರ ನಿಲ್ಲಿಸುತ್ತಿದ್ದಳು. ಏನೂ ಆಗಿರಲ್ಲ ಬಿಡೇ ಎಂದು ನಾನು ಹೇಳುತ್ತಿದ್ದೆ, ನನಗೇ ನಂಬಿಕೆ ಇರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವರ ಪೊಟ್ಟಣವೇ ಬಂತು. ಅಂಗಿಯ ಎಡತೋಳು ಕಂಕುಳಿನಿಂದ ಬಿಟ್ಟುಕೊಂಡಿತ್ತು. ಕತ್ತರಿಸಿದ್ದಲ್ಲ, ಹರಿದದ್ದು.

ಮೈದುನನ ಮುಖ ಅರಳಿತು. "ಅತ್ತಿಗೆ, ಫೋಟೊ ತೆಗೀರಿ. ಹರಿದಿದೆ, ಒಳಗೆ ಪುಡಿ ಇದೆ, ಉಪಯೋಗಿಸಿದ ಮಾಲು. ತಕರಾರು ಹಾಕೋಣ. ಗೆದ್ದೇ ಗೆಲ್ತೀವಿ."

ತಂಗಿ ಹೊಲಿಗೆ ಬಿಟ್ಟ ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ಜೋಡಿ ಹೊಲಿಗೆ ಅಕ್ಕ," ಎಂದಳು ನನ್ನ ಕಡೆ ತಿರುಗಿ. "ನಾನು ಎರಡು ಕೈಯಲ್ಲಿ ಎಳೆದ್ರೂ ಬಿಡಲ್ಲ. ಇಷ್ಟು ಜೋರಾಗಿ ಎಳೆದಾಗ ಒಳಗೆ ಒಂದು ಕೈ ಇತ್ತು."

ಮೈದುನ ಮೆಲ್ಲಗೆ, "ಒಪ್ಪಿಕೊಂಡ್ರೆ ಅಂಗಡಿ ಹೋಗುತ್ತೆ ಅತ್ತಿಗೆ. ಅಣ್ಣನ್ನ ನೋಡಿ," ಎಂದ. ಅವಳ ಗಂಡ ಬಾಗಿಲಲ್ಲೇ ನಿಂತಿದ್ದ. ಅವನು ತನ್ನ ಸರಿಹೋದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. "ನಿನಗೆ ತೋಚಿದ ಹಾಗೆ ಮಾಡು," ಎಂದಷ್ಟೇ ಹೇಳಿ ಒಳಗೆ ಹೋದ.

ಅವಳು ಹಣ ವಾಪಸ್ ಮಾಡಿದಳು. ಕಾರಣ ಕೇಳಿದ ಕಡೆ, ವಿವರಣೆ ತಪ್ಪಾಗಿತ್ತು, ಮಾರಿದವರ ತಪ್ಪು, ಎಂದು ಗುರುತು ಹಾಕಿದಳು. ಕೊಂಡವರಿಗೆ ಒಂದೇ ಸಾಲು ಬರೆದಳು: ಕೈ ಹೇಗಿದೆ?

ಮರುದಿನವೇ ಅಂಗಡಿ ತಡೆಹಿಡಿದರು. ಫೋಟೊಗಳ ಮೇಲೆಲ್ಲ ಬೂದು ಬಣ್ಣ ಬಂದು, 'ಸದ್ಯ ಲಭ್ಯವಿಲ್ಲ' ಎಂದಾಯಿತು. ಮಾತಿನ ಮಲ್ಲ ಬರುವುದನ್ನು ನಿಲ್ಲಿಸಿದ. ಅವಳ ಮೇಲೆ ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆಮ್ಮೆ ಬಂತು, ಎರಡನ್ನೂ ಹೇಳಲಾಗದೆ ಅವಳ ಪಾತ್ರೆ ತೊಳೆದುಕೊಟ್ಟೆ.

ಕೈ ಒರೆಸಿಕೊಳ್ಳುತ್ತಿದ್ದಾಗ ಅವಳ ಫೋನ್ ಸದ್ದು ಮಾಡಿತು. ಓದಿದವಳು ಅದನ್ನು ನನ್ನ ಕೈಗೆ ಕೊಟ್ಟಳು. ಬೈಗುಳ ಇರಬಹುದೆಂದು ಗಟ್ಟಿ ಮನಸ್ಸು ಮಾಡಿಕೊಂಡೆ. ಬೈಗುಳ ಇರಲಿಲ್ಲ.

"ಅವತ್ತು ಅಂಗಿ ಹಾಕುವಾಗ ಅಪ್ಪ ಕೂಗಿಕೊಂಡರು. ನಾನೇ ಎಳೆದೆ, ಹೊಂದುತ್ತೆ ಅಂತ ಬರೆದಿತ್ತಲ್ಲ. ಮೂಳೆ ಜರುಗಿದೆಯಂತೆ. ಈಗ ಮೊಣಕೈ ಮಡಚಿ ಭುಜದ ಹತ್ತಿರದವರೆಗೂ ಪ್ಲಾಸ್ಟರ್ ಹಾಕಿದ್ದಾರೆ. ಅವರಿಗೆ ಚಳಿ ಆಗ್ತಿದೆ. ನಿಮ್ಮಲ್ಲಿ ಬೇರೆ ಅಂಗಿ ಇದೆಯಾ? ಟೇಪ್ ಎಲ್ಲಿ ಹಿಡೀಬೇಕು ಹೇಳಿ, ಈ ಸಲ ಸರಿಯಾಗಿ ಅಳೀತೀನಿ."