ವಿಮಾನದ ತಲೆನೋವಿಗೆ ನನ್ನ ಎಣ್ಣೆನೀರು

ಮೊಮ್ಮಗಳು ಬಂದಳು. ಇಷ್ಟು ದಿನ ಫೋನಿನ ಗಾಜಿನೊಳಗೆ ಮಾತ್ರ ನಗುತ್ತಿದ್ದ ಮೂರು ವರ್ಷದ ಹುಡುಗಿ, ನಮ್ಮ ಹೊಸಿಲು ದಾಟಿ ಒಳಗೆ ಬಂದಳು. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹಿರಿಯೂರು ಬಸ್ಸಿಗೆ ಕಾಯುತ್ತಿದ್ದವರನ್ನೂ ನಿಲ್ಲಿಸಿ ಹೇಳಿದೆ.

ನನ್ನ ಮಗಳು, ಅಳಿಯ ನ್ಯೂಜಿಲೆಂಡಿನಲ್ಲಿ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದಾರೆ. ಹಸುಗಳು ಕರು ಹಾಕುವ ಕಾಲವೆಂದು ಅಳಿಯನಿಗೆ ರಜೆ ಸಿಗಲಿಲ್ಲ. ಮಗಳೊಬ್ಬಳೇ ಕೂಸನ್ನು ಎತ್ತಿಕೊಂಡು ಬಂದಳು. ನನಗಿದ್ದದ್ದು ಒಂದೇ ಆಸೆ: ರಾತ್ರಿ ಮನೆಯವರೆಲ್ಲ ಸಾಲಾಗಿ ಕೂತು ಉಣ್ಣಬೇಕು, ಕೂಸು ನನ್ನ ತೊಡೆಯ ಮೇಲಿರಬೇಕು. ಅದಕ್ಕೆಂದೇ ಭರಮಸಾಗರದಿಂದ ಹಿರಿಮಗನೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ.

ಎಲ್ಲಿಯ ಊಟ? ಸಂಜೆ ದೀಪ ಹಚ್ಚುವುದರೊಳಗೆ ತಾಯಿ ಮಗಳಿಬ್ಬರೂ ಗೊರಕೆ. ಕೋಳಿ ಕೂಗುವ ಮೊದಲೇ ಎದ್ದು, "ಅಜ್ಜಿ, ಹಸಿವು." ರಾತ್ರಿ ಮಾಡಿದ ಸಾರು ಹಾಗೇ ಉಳಿಯಿತು. ಮಾರನೆಯ ದಿನವೂ ಅದೇ ಕಥೆ.

"ಬಂದಿದ್ದು ಮೊಮ್ಮಗಳೋ, ಕೋಳಿನೋ?" ಎಂದರು ನಮ್ಮ ಯಜಮಾನರು. "ಕತ್ತಲಾದರೆ ಗೂಡು ಸೇರ್ತಾವಲ್ಲ."

ಮಗಳಿಗೆ ಬಂದಾಗಿನಿಂದ ತಲೆನೋವು. ಹಣೆ ಒತ್ತಿಕೊಂಡೇ ಓಡಾಡುತ್ತಿದ್ದಳು. ದೃಷ್ಟಿ ತೆಗೆದೆ, ಹೋಗಲಿಲ್ಲ.

"ದೃಷ್ಟಿ ಅಲ್ಲ ಕಣವ್ವ," ಎಂದಳು. "ವಿಮಾನದಾಗೆ ಗಾಳಿ ಒಣಗಿರ್ತೈತೆ. ತೊಡೆ ಮ್ಯಾಲೆ ಕೂಸು ಮಲಗಿತ್ತು, ಎದ್ದೋಗಾಕೆ ಆಗಲ್ಲ ಅಂತ ನೀರೇ ಕುಡೀಲಿಲ್ಲ. ನಿದ್ದೆನೂ ಇಲ್ಲ. ನೋವು ಅಲ್ಲೇ ಶುರುವಾತು. ಮೈಗೆ ಇನ್ನೂ ಅಲ್ಲಿ ಹೊತ್ತೇ ಐತೆ. ಇಲ್ಲಿ ದೀಪ ಹಚ್ಚೋವಾಗ ಅಲ್ಲಿ ನಡುರಾತ್ರಿ ದಾಟಿರ್ತೈತೆ."

"ಅಲ್ಲಿ ಹೊತ್ತು ಅಲ್ಲೇ ಬಿಟ್ಟು ಬರಬೇಕಪ್ಪ," ಎಂದೆ. ನನಗೆ ರೇಗಿಹೋಗಿತ್ತು.

"ಬಿಟ್ಟು ಬರಾಕೆ ಅದೇನು ಚಪ್ಲಿನಾ? ದಿನಕ್ಕೊಂದಿಷ್ಟು ಅಂತ ಸರೀತೈತೆ."

ನನಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಗಳನ್ನು ಹಿಡಿದು ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಹಂಡೆ ತುಂಬ ಬಿಸಿನೀರು ಹುಯ್ದೆ. ಬೇಡ ಬೇಡ ಎನ್ನುತ್ತಲೇ ಇದ್ದಳು. ಕೂಸಿಗೂ ಹುಯ್ದೆ. ಕಿಟಕಿ ಮುಚ್ಚಿ ಕಂಬಳಿ ಹೊದಿಸಿದೆ. ಎಣ್ಣೆನೀರು ಹುಯ್ದುಕೊಂಡವರು ಎಚ್ಚರ ಇರುವುದುಂಟೇ? ಮಲಗಿದವರನ್ನು ಎಬ್ಬಿಸಬಾರದೆಂದು ಮನೆಯವರ ಬಾಯನ್ನೆಲ್ಲ ಮುಚ್ಚಿಸಿದೆ. ಹೊತ್ತು ಮುಳುಗಿದ ಮೇಲೆ ಎದ್ದವಳಿಗೆ ತಲೆ ಕಲ್ಲಾಗಿತ್ತು. ಅನ್ನ ಸೇರಲಿಲ್ಲ, ಆಮೇಲೆ ನಿದ್ದೆಯೂ ಹತ್ತಲಿಲ್ಲ.

"ಎರಡು ದಿನ ಕಷ್ಟಪಟ್ಟು ಸರಿಸಿದ್ದ ಹೊತ್ತನ್ನ ಒಂದು ಹಂಡೆ ನೀರಲ್ಲಿ ಕೊಚ್ಚಿಬಿಟ್ಟೆ ಕಣವ್ವ," ಎಂದಳು.

"ಹೆತ್ತವಳಿಗೆ ಇದೊಂದು ಬಾಕಿ ಇತ್ತು," ಎಂದು ಮುಖ ತಿರುಗಿಸಿದೆ. ಹಿರಿಮಗ ಬೇರೆ, "ಅವ್ವ, ನಾವು ನಾಳಿದ್ದು ಬೆಳಿಗ್ಗೆ ಹೋಗ್ಬೇಕು" ಎಂದ. ಇನ್ನು ಉಳಿದದ್ದು ಒಂದೇ ಸಂಜೆ.

ಬೆಳಗಾದ ಮೇಲೆ ಮನೆ ಮಗಳ ಕೈಗೆ ಬಂತು. ಕಿಟಕಿಗಳನ್ನೆಲ್ಲ ತೆರೆದಳು. ಪಕ್ಕದಲ್ಲಿ ತಂಬಿಗೆ ಇಟ್ಟುಕೊಂಡು ಆಗಾಗ ಗುಟುಕು ನೀರು ಕುಡಿದಳು. ಕಾಫಿ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಬಂದ ನೆರೆಯವರ ಜೊತೆಗೆಂದು ನಾನು ಲೋಟ ಹಿಡಿದರೆ, "ಈಗ ಕುಡಿದ್ರೆ ರಾತ್ರಿ ನಿದ್ದೆ ಕೆಡ್ತೈತೆ" ಎಂದು ತಳ್ಳಿದಳು. ಹಸಿವಿರಲಿ ಬಿಡಲಿ, ನಮ್ಮ ಜೊತೆಗೇ ನಮ್ಮ ಹೊತ್ತಿಗೇ ಉಂಡಳು. ಉಂಡ ಮೇಲೆ ತೂಕಡಿಕೆ ಬಂತು. "ಅರ್ಧ ಗಂಟೆ ಅಷ್ಟೇ. ಆಮೇಲೆ ಎಬ್ಬಿಸ್ಲೇಬೇಕು" ಎಂದು ಕೂಸಿನ ಜೊತೆ ಮಲಗಿದಳು. ಎಬ್ಬಿಸಬೇಕಾದವಳು ನಾನೇ. ಬಾಯಿ ತೆರೆದು ಮಲಗಿದ್ದ ಕೂಸನ್ನು ಮಗಳಿಗೆ ಬೈದುಕೊಳ್ಳುತ್ತಲೇ ಅಲುಗಾಡಿಸಿದೆ. ಕೂಸು ಎದ್ದು ಅತ್ತಳು. ನನ್ನನ್ನು ಹೊಡೆದಳು ಕೂಡ.

"ಸಂಜೆ ಬಿಸಿಲಿಗೆ ಹೋಗಾಣ," ಎಂದಳು ಮಗಳು. "ಕಣ್ಣಿಗೆ ಬೆಳಕು ಬಿದ್ದಷ್ಟೂ ಮೈ ಇನ್ನೂ ಹಗಲೈತೆ ಅಂದ್ಕಂತೈತೆ."

ನಮ್ಮ ಕುರಿಗಳು ಮೇದು ಬರುವ ಹೊತ್ತಾಗಿತ್ತು. ಯಜಮಾನರು ಕುರಿಹಟ್ಟಿಯ ಬಾಗಿಲಲ್ಲಿ ಮರಿ ಹಿಡಿದುಕೊಂಡು ಕೂತಿದ್ದರು. ಅಳುತ್ತಿದ್ದ ಕೂಸು ಮರಿ ಕಂಡದ್ದೇ ನನ್ನ ಸೊಂಟದಿಂದ ಜಾರಿ ಓಡಿತು. ಮುಳುಗುವ ಬಿಸಿಲಿನಲ್ಲಿ, ಧೂಳಿನಲ್ಲಿ, ಅದರ ಕಿವಿ ಹಿಡಿ, ಇದರ ಬಾಲ ಎಳೆ. ನಿದ್ದೆಯ ಸುದ್ದಿಯೇ ಇಲ್ಲ. ಮಗಳು ಹಣೆಯಿಂದ ಕೈ ತೆಗೆದಿದ್ದಳು.

"ನೋವು ಹೆಂಗೈತೆ?"

"ಇಳ್ದೈತೆ. ಪೂರ್ತಿ ಹೋಗಿಲ್ಲ. ಅವ್ವ, ಊಟ ಒಸಿ ಬೇಗ ಹಾಕ್ತೀಯಾ?"

"ಕುರಿ ಕೂಡಿ, ಹಾಲು ಕರೆದು, ಆಮೇಲೆ ಉಣ್ಣೋದು ನಮ್ಮ ಪದ್ಧತಿ," ಎಂದರು ಯಜಮಾನರು.

"ಪದ್ಧತಿನೂ ಒಂದಿಷ್ಟು ಸರೀಲಿ. ಕೈ ತೊಳ್ಕಳ್ರಿ," ಎಂದೆ.

ಮುದ್ದೆ ಬಿಸಿಯಾಗಿತ್ತು. ಹಿರಿಮಗ, ಸೊಸೆ, ಮಕ್ಕಳು, ಮಗಳು, ಯಜಮಾನರು ಸಾಲಾಗಿ ಕೂತರು. ಕೂಸು ನನ್ನ ತೊಡೆಯೇರಿತು. ಕಣ್ಣು ಎಳೆಯುತ್ತಿದ್ದರೂ ಬಾಯಿ ತೆರೆದೇ ಇತ್ತು. ಚಿಕ್ಕ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಇಟ್ಟೆ. ಮುದ್ದೆ ನುಂಗಬೇಕೆಂದು ಗೊತ್ತಿಲ್ಲ, ಪಾಪ, ಅಗಿಯುತ್ತಾ ಕೂತಳು. ಎಲ್ಲರೂ ನಕ್ಕರು. ಅಗಿಯುತ್ತಲೇ ಇನ್ನೊಂದು ತುತ್ತಿಗೆ ಬಾಯಿ ತೆರೆದಳು.