ಹದಿನೆಂಟು ಅಡಿಯ ಈಟಿ ಮತ್ತು ಅಣ್ಣನ ರಂಪಣಿ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಮ್ಮ ಬಂದರಿನಲ್ಲಿ ಮೀನು ಮಾರುತ್ತಿದ್ದಳು. ಅಣ್ಣ ಪಣಂಬೂರಿನ ಕಡಲ ಕರೆಯಲ್ಲಿ, ದಡದಿಂದ ಎಳೆಯುವ ರಂಪಣಿ ಬಲೆಯ ತಂಡಕ್ಕೆ ತಂಡೇಲ, ಅಂದರೆ ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವ ಮುಖ್ಯಸ್ಥ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಬೋಳಾರದ ಚಿಕ್ಕಮ್ಮನ ಮನೆಯಲ್ಲಿದ್ದು ಚರಿತ್ರೆ ಓದುತ್ತಿದ್ದೆ. ಮೀನುಗಾರರ ಹುಡುಗಿಗೆ ಚರಿತ್ರೆ ಎಂತಕ್ಕೆ ಎಂದು ಕೇಳಿದವರಿಗೆ ಅಣ್ಣನೇ ಉತ್ತರ ಕೊಡುತ್ತಿದ್ದ. ಆ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ರಜೆಯಲ್ಲಿ ಮನೆಗೆ ಹೋದರೆ ಅವನದು ಒಂದೇ ಪ್ರಶ್ನೆ. "ಈ ಸಲ ಎಂತ ಓದಿದ್ದು? ಹೇಳು." ಓದು ಬರೆಹ ಕಲಿಯದವನಿಗೆ ಕೇಳುವ ಹಸಿವು ಬಹಳ. ನಮ್ಮ ಮನೆಮಾತು ತುಳು. ನಾನು ತುಳುವಿನಲ್ಲಿ ಗ್ರೀಸಿನ ಕತೆ ಹೇಳುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಒಮ್ಮೆ ಅವರ ಫಲಾಂಕ್ಸ್ ವ್ಯೂಹದ ಬಗ್ಗೆ ಹೇಳಿದೆ. ಮೊದಮೊದಲು ಗ್ರೀಕರ ಊರುಗಳಲ್ಲಿ ರೈತರೇ ಸೈನಿಕರು. ಎಡಗೈಯಲ್ಲಿ ದೊಡ್ಡ ದುಂಡು ಗುರಾಣಿ. ಅದರ ಅರ್ಧ ತನ್ನನ್ನು ಕಾಯುತ್ತದೆ, ಉಳಿದ ಅರ್ಧ ಎಡಗಡೆ ನಿಂತವನ ಬಲಮೈಯನ್ನು ಕಾಯುತ್ತದೆ. ಹೀಗಾಗಿ ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತಾನೆ, ಇಡೀ ಸಾಲು ನಡೆಯುತ್ತ ನಡೆಯುತ್ತ ಬಲಕ್ಕೆ ವಾಲುತ್ತದೆ. ಒಬ್ಬ ಓಡಿಹೋದರೆ ಪಕ್ಕದವನು ಬೆತ್ತಲೆ. ಹಾಗಾಗಿ ಯಾರೂ ಓಡುವುದಿಲ್ಲ.

ಆಮೇಲೆ ಮ್ಯಾಸಿಡೋನಿಯಾದ ರಾಜರು ಗುರಾಣಿಯನ್ನು ಚಿಕ್ಕದು ಮಾಡಿ ಹೆಗಲಿಗೆ ತೂಗಿಹಾಕಿಸಿದರು. ಎರಡೂ ಕೈಗೆ ಹದಿನೆಂಟು ಅಡಿ ಉದ್ದದ ಈಟಿ ಕೊಟ್ಟರು. ಒಬ್ಬರ ಹಿಂದೆ ಒಬ್ಬರಂತೆ ಹದಿನಾರು ಸಾಲು. ಮೊದಲ ಐದು ಸಾಲಿನವರ ಈಟಿಯ ಮೊನೆಗಳು ಎಲ್ಲರಿಗಿಂತ ಮುಂದೆ ನಿಂತವನನ್ನು ದಾಟಿ ಚಾಚಿಕೊಂಡಿರುತ್ತವೆ. ಹಿಂದಿನವರು ಈಟಿಯನ್ನು ಮುಂದಿನವರ ತಲೆಯ ಮೇಲೆ ಓರೆಯಾಗಿ ಎತ್ತಿ ಹಿಡಿಯುತ್ತಾರೆ. ಹಾರಿ ಬರುವ ಬಾಣ, ಭರ್ಜಿಗಳು ಆ ಕೋಲುಗಳ ಕಾಡಿಗೆ ಬಡಿದು ಬೀಳುತ್ತವೆ. ಮತ್ತೆ ಹಿಂದಿನವರ ಭಾರ ಮುಂದಿನವರನ್ನು ನೂಕುತ್ತದೆ, ಅಂಜಿದವನಿಗೂ ತಿರುಗಲು ಜಾಗ ಇಲ್ಲ.

ಅಣ್ಣ ಎದ್ದು ಹೋದ. ಮಾರನೇ ಬೆಳಿಗ್ಗೆ ಕಡಲ ಕರೆಗೆ ಹೋಗಿ ನೋಡಿದರೆ ತಂಡದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ! ದೋಣಿ ತಳ್ಳುವ ಬಿದಿರಿನ ಜಲ್ಲೆಗಳು ಎಲ್ಲರ ಕೈಯಲ್ಲಿ. "ಬಾ ಮಾರಾಯ್ತಿ, ನೀನು ಶತ್ರು. ಹೇಗೆ ಬರ್ತಿ ನೋಡುವ" ಎಂದ.

ನಾನು ಸೀರೆ ಎತ್ತಿ ಕಟ್ಟಿ ಒಂದು ಚೋಟು ಕೋಲು ಹಿಡಿದು ಹೋದೆ. ಒಂದು ಜಲ್ಲೆಯನ್ನು ತಳ್ಳಿದರೆ ಇನ್ನೊಂದು ಎದೆಗೆ, ಅದನ್ನು ಸರಿಸಿದರೆ ಮತ್ತೊಂದು ಹೊಟ್ಟೆಗೆ. ಮುಂದೆ ನಿಂತವನ ಮುಖ ಕಾಣುತ್ತಿತ್ತು, ಹಲ್ಲು ಕಿರಿಯುತ್ತಿದ್ದ, ಆದರೆ ಮುಟ್ಟಲು ಆಗಲಿಲ್ಲ. ಆಮೇಲೆ ಇವರ ಮೇಲೆ ದಂಡೆತ್ತಿ ಬಂದ ರೋಮನರಲ್ಲಿ ಕತ್ತಿ ಬೀಸುವ ಒಬ್ಬನಿಗೆ ಇಬ್ಬರು ಈಟಿಯವರು ನಿಲ್ಲುವಷ್ಟು ಜಾಗ ಬೇಕು, ಹಾಗಾಗಿ ಅವನೊಬ್ಬನ ಎದುರಿಗೆ ಹತ್ತು ಮೊನೆಗಳು ಬರುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ. ಆ ಲೆಕ್ಕ ಅವತ್ತು ಮೈಗೆ ತಿಳಿಯಿತು.

"ಇದು ನಮ್ಮ ರಂಪಣಿಯೇ ಅಲ್ವಾ?" ಎಂದ ಅಣ್ಣ. ಅವನ ಕಣ್ಣು ಹೊಳೆಯುತ್ತಿತ್ತು.

ಅವನು ಹೇಳಿದ್ದು ಸುಳ್ಳಲ್ಲ. ದೋಣಿಯವರು ಮೈಲುಗಟ್ಟಲೆ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ಕರೆಯ ಮೇಲೆ ಎರಡು ಸಾಲಿನ ಜನ ಒಂದೇ ಕೂಗಿಗೆ ಎಳೆಯುತ್ತಾರೆ. ಒಬ್ಬನ ಬಲಕ್ಕೆ ಅಲ್ಲಿ ಬೆಲೆ ಇಲ್ಲ. ಬಂಗುಡೆ ಮೀನು ಬಂದ ದಿನ ಎಳೆದವನ ಮನೆಗೆ ಮಾತ್ರವಲ್ಲ, ಗಂಡ ಸತ್ತವಳ ಮನೆಗೂ, ಕಣ್ಣು ಹೋದ ಮುದುಕನ ಮನೆಗೂ ಪಾಲು ಹೋಗುತ್ತಿತ್ತು. ನಾನು ಓದಿದ್ದು ಆ ಪಾಲಿನಲ್ಲೇ.

ನಾನು ಅವನಿಗೆ ಈ ಈಟಿಯವರು ರೋಮನರೆದುರು ಸೋತ ಕತೆಯನ್ನೂ ಅದೇ ರಜೆಯಲ್ಲಿ ಹೇಳಿದೆ. ರೋಮನರು ಸೈನ್ಯವನ್ನು ನೂರಿಪ್ಪತ್ತು ಜನರ ಸಣ್ಣ ಸಣ್ಣ ತುಕಡಿಗಳಾಗಿ ಒಡೆದಿದ್ದರು. ತುಕಡಿಗಳ ನಡುವೆ ಜಾಗ ಬಿಟ್ಟು, ಒಂದರ ಹಿಂದೆ ಒಂದರಂತೆ ಮೂರು ಸಾಲು, ಚೆನ್ನೆಮಣೆಯ ಗುಳಿಗಳಂತೆ ಬೇರೆ ಬೇರೆ. ಮುಂದಿನವರು ದಣಿದರೆ ಆ ಜಾಗದಿಂದ ಹಿಂದೆ ಸರಿಯುತ್ತಾರೆ, ಹಿಂದಿನವರು ಮುಂದೆ ಬರುತ್ತಾರೆ. ಮೊದಲು ಭರ್ಜಿ ಎಸೆತ, ಆಮೇಲೆ ದೊಡ್ಡ ಗುರಾಣಿ, ಗಿಡ್ಡ ಕತ್ತಿ. ಪ್ರತಿ ತುಕಡಿಗೂ ಅದರದೇ ನಾಯಕರು.

ಒಂದು ಗುಡ್ಡದಲ್ಲಿ ಇಬ್ಬರೂ ಮಂಜಿನಲ್ಲಿ ಎದುರಾದರು. ಮ್ಯಾಸಿಡೋನಿಯಾದ ಬಲಪಕ್ಕ ಗುಡ್ಡದ ಮೇಲಿನಿಂದ ಇಳಿದು ಎದುರಿನ ರೋಮನರನ್ನು ತಳ್ಳಿಕೊಂಡೇ ಹೋಯಿತು. ಆದರೆ ಎಡಪಕ್ಕ ಇನ್ನೂ ದಾರಿಯಲ್ಲಿ ಏದುಸಿರು ಬಿಡುತ್ತ ಬರುತ್ತಿತ್ತು, ಸಾಲು ಕಟ್ಟಿರಲಿಲ್ಲ. ಹಳ್ಳತಿಟ್ಟಿನ ನೆಲದಲ್ಲಿ ಕಟ್ಟಲೂ ಆಗಲಿಲ್ಲ. ರೋಮನರ ಇನ್ನೊಂದು ಭಾಗ ಆನೆಗಳನ್ನು ಮುಂದಿಟ್ಟು ಅದನ್ನು ಚದುರಿಸಿತು. ಆಗ ಅಲ್ಲಿದ್ದ ಒಬ್ಬ ಅಧಿಕಾರಿ, ಅವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ, ಯಾರ ಅಪ್ಪಣೆಗೂ ಕಾಯದೆ ಇಪ್ಪತ್ತು ತುಕಡಿ ಕರೆದುಕೊಂಡು ತಿರುಗಿ, ಗೆಲ್ಲುತ್ತಿದ್ದ ಬಲಪಕ್ಕದ ಬೆನ್ನಿಗೆ ಬಿದ್ದ. ಹದಿನೆಂಟು ಅಡಿ ಈಟಿಯನ್ನು ಇಕ್ಕಟ್ಟಿನಲ್ಲಿ ಹಿಂದಕ್ಕೆ ತಿರುಗಿಸುವುದು ಹೇಗೆ?

"ಹಾಗಾದ್ರೆ ನೆಲದ ತಪ್ಪು. ಸಮತಟ್ಟು ಇದ್ದಿದ್ರೆ ಗೆಲ್ತಿದ್ರು" ಎಂದ ಅಣ್ಣ.

"ಗೆಲ್ತಿದ್ರು. ಆದ್ರೆ ಶತ್ರು ಸಮತಟ್ಟಿಗೇ ಬರ್ಬೇಕು ಅಂತ ಎಲ್ಲಿ ಉಂಟು? ಬಾರದೆ ಸುತ್ತಲಿನ ಊರು ಸುಲಿಗೆ ಮಾಡಿದ್ರೆ ಇವರು ಈಟಿ ಹಿಡ್ಕೊಂಡು ನಿಂತೇ ಇರ್ಬೇಕಷ್ಟೆ. ಮ್ಯಾಸಿಡೋನಿಯಾದ ಹಳೆಯ ರಾಜರು ಪಕ್ಕಗಳನ್ನು ಕಾಯಲಿಕ್ಕೆ ಕುದುರೆಯವರನ್ನು ಇಡ್ತಿದ್ರು. ವ್ಯೂಹ ಶತ್ರುವನ್ನು ಹಿಡಿದು ನಿಲ್ಲಿಸುವುದು, ಕುದುರೆಯವರು ಬದಿಯಿಂದ ಹೊಡೆಯುವುದು. ಆಮೇಲಿನವರಿಗೆ ಈಟಿ ಒಂದರ ಮೇಲೆಯೇ ನಂಬಿಕೆ."

"ನಮ್ಮ ಕರೆ ಸಮತಟ್ಟೇ ಉಂಟಲ್ಲ" ಎಂದು ಅಣ್ಣ ಎದ್ದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ನನಗೆ ಸಿಟ್ಟು ಬಂತು. ಹೀಗೆ ಅರ್ಧ ಕೇಳಿ ಇಡೀ ನಂಬುವವರನ್ನು ಕಂಡರೆ ನನಗೆ ಯಾವಾಗಲೂ ಮೈ ಉರಿಯುತ್ತದೆ.

ಅರವತ್ತರ ದಶಕ ಬಂತು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳತೊಡಗಿದೆ. ಬಂದರಿನಲ್ಲಿ ಮೆಶಿನ್ ದೋಣಿಗಳು ಕಾಣಿಸಿಕೊಂಡವು. ನಾಲ್ಕೈದು ಜನ, ಸಣ್ಣ ಬಲೆ, ಮೀನು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಿದ್ದವು. ಬಂಗುಡೆಯ ಹಿಂಡು ಕರೆಗೆ ಬರುವ ತನಕ ಕಾಯುವ ಕೆಲಸವೇ ಅವಕ್ಕಿಲ್ಲ. ತಂಡದ ನಾಲ್ವರು ಹುಡುಗರು ಅಣ್ಣನ ಹತ್ತಿರ ಬಂದು, ನಾವೂ ಒಂದು ದೋಣಿ ಮಾಡುವ, ಹಿಂಡು ತಪ್ಪಿಸಿಕೊಳ್ಳದಂತೆ ಹೊರಗಿನಿಂದ ಕಾಯುವ, ರಂಪಣಿಯೂ ಇರಲಿ ಎಂದರು. ಅಣ್ಣ ಒಪ್ಪಲಿಲ್ಲ. ನಾಲ್ವರು ಹೋದರೆ ನಾಳೆ ನಲವತ್ತು ಜನ ಹೋಗುತ್ತಾರೆ, ಆಗ ಆ ಕಣ್ಣಿಲ್ಲದ ಮುದುಕನಿಗೆ ಪಾಲು ಕೊಡುವವರು ಯಾರು ಎಂದು ಕೇಳಿದ. ಹುಡುಗರು ಮತ್ತೆ ಹಗ್ಗ ಸುತ್ತಲು ಹೋದರು.  ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಷ್ಟರಲ್ಲಿ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ಶುರುವಾಗಿತ್ತು. ನಮ್ಮ ಕರೆಯ ಬಡಗು ಬದಿಯಲ್ಲಿ ಮರಳು ತೆಗೆದು ಕಡಲ ತಳದಲ್ಲಿ ಹೊಂಡಗಳಾಗಿದ್ದವು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನೀರು ಕೆಂಪಾಗುವಷ್ಟು ಬಂಗುಡೆ ಬಂತು. ಬಲೆ ಬಿಟ್ಟರು. ಶಾಲೆಗೆ ರಜೆ, ನಾನೂ ಅಲ್ಲಿದ್ದೆ. ತೆಂಕು ಸಾಲಿನ ಹಗ್ಗ ಸಲೀಸಾಗಿ ಬರುತ್ತಿತ್ತು. ಬಡಗಿನದು ತಡೆಯಿತು. ಬಲೆಯ ಅಡಿ ಹೊಂಡದ ಅಂಚಿಗೆ ಸಿಕ್ಕಿತ್ತು.

ಬಡಗು ಸಾಲಿನಲ್ಲಿದ್ದ ಆ ನಾಲ್ವರು ಹುಡುಗರು ಕೂಗಿದರು. "ಅಣ್ಣಾ, ನಾವು ಸಣ್ಣ ದೋಣಿಯಲ್ಲಿ ಹೋಗಿ ಬಿಡಿಸ್ತೇವೆ. ತೆಂಕಿನವರು ಎಳೆಯುವುದು ನಿಲ್ಲಿಸ್ಲಿ!"

"ಹಗ್ಗ ಬಿಡ್ಬೇಡಿ! ಯಾರೂ ಬಿಡ್ಬೇಡಿ! ಎಳೀರಿ!" ಎಂದು ಅಣ್ಣ ಅರಚಿದ.

ಎಳೆಯಲು ಶುರುಮಾಡಿದ ಮೇಲೆ ಬಲೆಯ ಚೀಲ ದಡ ಮುಟ್ಟುವ ತನಕ ಹಗ್ಗ ಬಿಡಬಾರದು ಎಂಬುದು ಅಜ್ಜನ ಕಾಲದ ಕಟ್ಟಳೆ. ತೆಂಕಿನವರು ತಮ್ಮ ಕೂಗಿನ ಲಯದಲ್ಲಿ ಎಳೆಯುತ್ತ ಗೆದ್ದೆವು ಎಂದೇ ತಿಳಿದಿದ್ದರು. ಬಡಗಿನವರು ನಿಂತಲ್ಲೇ ಕಾಲೂರಿ ಜಗ್ಗುತ್ತಿದ್ದರು. ಬಲೆ ಓರೆಯಾಯಿತು, ಹೊಂಡದ ಮೇಲೆ ಅದರ ಅಡಿ ಎದ್ದಿತು. ಆ ಸಂದಿನಲ್ಲಿ ಇಡೀ ಹಿಂಡು ಹೊರಗೆ ಹೋದದ್ದು ದಡದ ಮೇಲಿಂದಲೇ ಕಂಡಿತು. ಹೊರಗೆ ಮೆಶಿನ್ ದೋಣಿಗಳು ಇದ್ದವು. ಒಂದು ತಿರುಗಿತು, ಆಮೇಲೆ ಇನ್ನೊಂದು. ಯಾರೂ ಯಾರಿಗೂ ಅಪ್ಪಣೆ ಕೊಟ್ಟಂತೆ ಕಾಣಲಿಲ್ಲ.

ಆ ನಾಲ್ವರು ಅದೇ ವಾರ ತಂಡ ಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ ಹೋದರು. ಹೊಸ ಬಂದರಿನ ಜಾಗಕ್ಕೆ ಮನೆಯೂ ಹೋಯಿತು. ಅಣ್ಣ, ಅಮ್ಮ ಬೋಳಾರಕ್ಕೆ ನಾನಿದ್ದಲ್ಲಿಗೆ ಬಂದರು. ಅಣ್ಣ ಹಗಲಿಡೀ ಜಗಲಿಯಲ್ಲಿ ಕುಳಿತಿರುತ್ತಿದ್ದ. ಅವನನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ದಿನ ಅವನೇ ಕೇಳಿದ. "ಆ ಈಟಿಯವರು ಸೋತ ಮೇಲೆ ಎಂತ ಮಾಡಿದ್ರು?"

"ಈಟಿಯನ್ನು ನೆಟ್ಟಗೆ ಮೇಲಕ್ಕೆ ಎತ್ತಿ ನಿಂತರು. ಅವರಲ್ಲಿ ಶರಣು ಬರುವ ಕ್ರಮ ಅದು. ರೋಮನರಿಗೆ ಅದು ಗೊತ್ತಿರಲಿಲ್ಲ. ಕಡಿಯುತ್ತಲೇ ಹೋದರು. ಅವರ ಸೇನಾಪತಿಗೆ ಯಾರೋ ಹೇಳಿದಾಗ ತಡೆಯಲು ನೋಡಿದ. ಅಷ್ಟರಲ್ಲಿ ಹೊತ್ತು ಮೀರಿತ್ತು."



ಕೆಲವು ದಿನ ಕಳೆದು, ಬಂದರಿಗೆ ಹೋಗುವ ಬಾ ಎಂದು ಅಣ್ಣ ನನ್ನನ್ನು ಕರೆದ. ದೋಣಿ ಕಟ್ಟುವ ಧಕ್ಕೆಯಲ್ಲಿ ಒಂದು ಮೆಶಿನ್ ದೋಣಿ ಆಗಷ್ಟೇ ಬರುತ್ತಿತ್ತು. ದೋಣಿ ಒಬ್ಬ ಬ್ಯಾರಿ ವ್ಯಾಪಾರಿಯದು, ಅವರ ಮಗ ದಡದಲ್ಲಿ ನಿಂತಿದ್ದ, ಇನ್ನೂ ಮೀಸೆ ಗಟ್ಟಿಯಾಗದ ಹುಡುಗ. ಅಣ್ಣ ಹೋಗಿ ದೋಣಿಯಿಂದ ಎಸೆದ ಹಗ್ಗಕ್ಕೆ ಕೈ ಹಾಕಿದ.  ರಂಪಣಿಯವರಲ್ಲಿ ಕೆಲಸ ಕೊಡಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬಂದು ಹಗ್ಗಕ್ಕೆ ಕೈ ಹಾಕುತ್ತಾರೆ. ತಂಡೇಲ ತಡೆಯದಿದ್ದರೆ ಅವನು ತಂಡಕ್ಕೆ ಸೇರಿದ ಹಾಗೆ. ಜೀವಮಾನವಿಡೀ ಬೇರೆಯವರ ಕೈಯನ್ನು ಒಪ್ಪಿಕೊಂಡವನು ಈಗ ತನ್ನ ಕೈ ಚಾಚಿದ್ದ.

ಹುಡುಗ ಓಡಿ ಬಂದು ಹಗ್ಗವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಛೆ, ನೀವು ಎಂತಕ್ಕೆ? ಬಿಡಿ ಮಾರಾಯ್ರೆ, ನಮ್ಮ ಹುಡುಗರು ಇದ್ದಾರಲ್ಲ. ಪಣಂಬೂರಿನ ದೊಡ್ಡ ತಂಡೇಲರಲ್ವಾ ನೀವು? ಕೂತ್ಕೊಳ್ಳಿ, ಚಾ ತರಿಸ್ತೇನೆ."

ಚಾ ಬಂತು. ಅಣ್ಣ ನಿಂತೇ ಕುಡಿದ. ಹಗ್ಗಕ್ಕೆ ಕೈ ಹಾಕಿದ್ದರ ಅರ್ಥವನ್ನು ನಾನು ಹುಡುಗನಿಗೆ ಹೇಳಲೆಂದು ಬಾಯಿ ತೆರೆದಾಗ ಅಣ್ಣ ನನ್ನ ಮುಂಗೈ ಹಿಡಿದು ಅದುಮಿದ. ನೋವಾಗುವಷ್ಟು ಅದುಮಿದ.

ಮನೆಗೆ ಬರುವಾಗ, "ಒಳ್ಳೆ ಹುಡುಗ" ಎಂದ, ಅಷ್ಟೇ. ಮತ್ತೆ ಕಡಲ ಕಡೆ ಹೋಗಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ, ಹೊರುತ್ತಲೇ ಮುದುಕನಾದ.

ಅಣ್ಣ ತೀರಿಕೊಂಡಾಗ ಆ ದೋಣಿಯ ಹುಡುಗ, ಅಷ್ಟರಲ್ಲಿ ಅವನಿಗೂ ತಲೆ ನರೆತಿತ್ತು, ನೋಡಲು ಬಂದಿದ್ದ. ಜಗಲಿಯಲ್ಲಿ ಕುಳಿತು ಹೇಳಿದ. "ಇವರು ಧಕ್ಕೆಗೆ ಬಂದ ಆ ವರ್ಷ ನಮಗೆ ಕಡಲು ಗೊತ್ತಿದ್ದ ಒಬ್ಬ ತಂಡೇಲ ಬೇಕಿತ್ತು ಟೀಚರ್. ಎಲ್ಲ ಕಡೆ ಹುಡುಕಿದ್ದೆವು. ಇವರನ್ನು ಕೇಳ್ಬೇಕು ಅಂತ ಬಾಯಿಗೆ ಬಂದಿತ್ತು. ಇಷ್ಟು ದೊಡ್ಡವರನ್ನು ನಮ್ಮ ಸಣ್ಣ ದೋಣಿಗೆ ಕರೆಯುವುದು ಹೇಗೆ ಅಂತ ಸುಮ್ಮನಾದೆ."